ನೀರಿನ ಲೋಟಕ್ಕಿಂತ ಮೊದಲು ಉಪ್ಪಿನ ಡಬ್ಬಿ

ಡಯಾಲಿಸಿಸ್‌ಗೆ ಹೋಗುವವರು ಮನೆಯಲ್ಲಿದ್ದರೆ ನಿಮ್ಮ ಕಣ್ಣೆಲ್ಲ ಅವರ ನೀರಿನ ಲೋಟದ ಮೇಲೆ. ನನ್ನನ್ನು ಕೇಳಿದರೆ, ಮೊದಲು ಕಾಯಬೇಕಾದದ್ದು ಉಪ್ಪನ್ನು. ಸುಮಾರು 8 ಗ್ರಾಂ ಉಪ್ಪು ದೇಹದಲ್ಲಿ ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ. ಉಪ್ಪಿನಕಾಯಿ, ಒಣಮೀನು ಬಡಿಸಿ, ಆಮೇಲೆ ನೀರು ಕುಡಿದರೆಂದು ಗದರಿಸುವುದು ನ್ಯಾಯವೇ?

ಒಂದು ಲೆಕ್ಕ ನೋಡಿ. ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗ ನಿಮ್ಮ ತಂದೆಯ ತೂಕ 60 ಕೆ.ಜಿ. ಎನ್ನೋಣ. ಡಯಾಲಿಸಿಸ್ ದಿನ ಅದು 63.6 ಆಗಿದ್ದರೆ, 4 ಗಂಟೆಯಲ್ಲಿ 3.6 ಲೀಟರ್ ನೀರು ತೆಗೆಯಬೇಕು. ಅಂದರೆ ಗಂಟೆಗೆ 900 ಮಿಲಿ, ತೂಕದ ಪ್ರತಿ ಕೆ.ಜಿ.ಗೆ 15 ಮಿಲಿ. ಇದು 13 ದಾಟಿದರೆ ಹೃದಯಕ್ಕೆ ಅಪಾಯ ಹೆಚ್ಚು. ಅಷ್ಟು ವೇಗವಾಗಿ ನೀರು ಎಳೆದಾಗ ಮೈಯೊಳಗಿನ ನೀರು ರಕ್ತನಾಳಕ್ಕೆ ಮರಳುವಷ್ಟರಲ್ಲಿ ಬಿ.ಪಿ. ಕುಸಿಯುತ್ತದೆ. ಆಕಳಿಕೆ, ಬೆವರು, ಕಣ್ಣು ಕತ್ತಲೆ, ಮೀನಖಂಡದ ಸೆಳೆತ. ನರ್ಸ್ ನೀರೆಳೆಯುವುದನ್ನು ನಿಲ್ಲಿಸಿ, ಕಾಲೆತ್ತಿ, ಸಲೈನ್ ಕೊಡುತ್ತಾರೆ. ತೆಗೆಯಬೇಕಿದ್ದ ನೀರು ಒಳಗೇ ಉಳಿಯಿತಲ್ಲ!

ಬಿ.ಪಿ. ಕುಸಿದ ದಿನ ಕೈಯ ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟುವುದೂ ಉಂಟು. ಮನೆಗೆ ಬಂದಮೇಲೆ ಅದರ ಮೇಲೆ ಬೆರಳಿಡಿ. ಎಂದಿನ ಝುಂ ಎನ್ನುವ ಕಂಪನ ಸಿಗದಿದ್ದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ನೀರಿನ ಮಿತಿ ಸಾಮಾನ್ಯವಾಗಿ ದಿನದ ಮೂತ್ರದಷ್ಟು, ಜೊತೆಗೆ ಅರ್ಧ ಲೀಟರ್. ನಿಮ್ಮವರ ಅಳತೆಯನ್ನು ವೈದ್ಯರಿಂದ ಕೇಳಿಕೊಳ್ಳಿ. ಚಹಾ, ಸಾರು, ಇಫ್ತಾರ್‌ನ ಗಂಜಿ, ಶರಬತ್ತು ಎಲ್ಲವೂ ಆ ಲೆಕ್ಕದೊಳಗೇ. ಉಪ್ಪಿನ ಬದಲಿಗೆಂದು ‘ಲೋ ಸೋಡಿಯಂ’ ಉಪ್ಪು ಮಾತ್ರ ತರಬೇಡಿ. ಅದರಲ್ಲಿರುವ ಪೊಟ್ಯಾಸಿಯಂ ಇವರ ಹೃದಯವನ್ನೇ ನಿಲ್ಲಿಸಬಲ್ಲದು. ನಿಂಬೆ, ಕಾಳುಮೆಣಸು, ಜೀರಿಗೆ ಸಾಕು.