ಸೋಮವಾರದ ರಜೆಯ ಲೆಕ್ಕ

ಒಂದು ಕಚೇರಿಯ ಮೇಲಧಿಕಾರಿ ರಜೆ ಪುಸ್ತಕ ನೋಡಿ ಕೆಂಡವಾದರೆನ್ನಿ: 'ಅನಾರೋಗ್ಯ ರಜೆಯಲ್ಲಿ ಶೇ 40ರಷ್ಟು ಸೋಮವಾರ, ಶುಕ್ರವಾರಗಳಂದೇ! ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ.'

ವಿದ್ಯಾರ್ಥಿಗಳೇ, ಅವರು ಎಡವಿದ್ದೆಲ್ಲಿ? ವಾರಕ್ಕೆ ಕೆಲಸದ ದಿನಗಳು 5. ಅದರಲ್ಲಿ 2 ದಿನವೆಂದರೆ ಶೇ 40 ತಾನೆ? ಕಾಯಿಲೆಗೆ ವಾರದ ಗೊಡವೆ ಇಲ್ಲದಿದ್ದರೆ ಬರಬೇಕಾದ ಲೆಕ್ಕವೇ ಅದು.

ಈಗ ಇನ್ನೊಂದು ಕಚೇರಿಯನ್ನು ಊಹಿಸಿಕೊಳ್ಳಿ. ಆರು ತಿಂಗಳಲ್ಲಿ 25 ನೌಕರರು ಪಡೆದ ಅನಾರೋಗ್ಯ ರಜೆ 100 ದಿನ. ದಿನಕ್ಕೆ 20 ಬರಬೇಕು. ಸೋಮವಾರ 36 ಬಂದಿದೆ. ಇದು ಆಕಸ್ಮಿಕವಲ್ಲ. ಆದರೆ ಎಲ್ಲರಿಗೂ ನೋಟೀಸು ಕೊಡುವ ಮುನ್ನ ಹೆಸರುವಾರು ವಿಂಗಡಿಸಬೇಕು. ನೋಡಿದರೆ 16 ಸೋಮವಾರಗಳು ಒಬ್ಬರವೇ! ಉಳಿದ 24 ಮಂದಿಯ 84 ದಿನಗಳಲ್ಲಿ ಸೋಮವಾರ 20 ಮಾತ್ರ. ಅವರ ಪಾಲಿಗೆ ಬರಬೇಕಾದದ್ದು ಸುಮಾರು 17. ಶನಿವಾರ, ಭಾನುವಾರ ಶುರುವಾದ ಜ್ವರವೂ ಪುಸ್ತಕಕ್ಕೇರುವುದು ಸೋಮವಾರವೇ ಆದ್ದರಿಂದ ಅಷ್ಟು ಹೆಚ್ಚಳ ಸಹಜ.

ಹಾಗಾದರೆ ಆ ಒಬ್ಬರು ಮೈಗಳ್ಳರೇ? ಪುಸ್ತಕ ಹೇಳುವುದು ಯಾವ ದಿನ ಎಂಬುದನ್ನು; ಏಕೆ ಎಂಬುದನ್ನಲ್ಲ. ಪ್ರತ್ಯೇಕವಾಗಿ ಕರೆದು, 'ಸೋಮವಾರ ಏನಾದರೂ ತೊಂದರೆಯೇ?' ಎಂದು ಕೇಳಬೇಕು. ಅವರ ಬೆನ್ನುನೋವಿಗೆ ಚಿಕಿತ್ಸೆ ಕೊಡುವ ವೈದ್ಯರು ಆಸ್ಪತ್ರೆಗೆ ಬರುವುದು ಸೋಮವಾರ ಬೆಳಿಗ್ಗೆ ಮಾತ್ರ ಎಂದಾದರೆ, ಅರ್ಧ ದಿನದ ರಜೆಯಲ್ಲೇ ಕೆಲಸ ಮುಗಿದೀತು. ಕಾರಣ ಹೇಳದೆ ನುಣುಚಿಕೊಂಡರೆ ವೈದ್ಯರ ಪ್ರಮಾಣಪತ್ರ ಕೇಳಲಿ. ಅವರೊಬ್ಬರಿಂದ ಮಾತ್ರ, ಉಳಿದ 24 ಮಂದಿಯಿಂದಲ್ಲ.