ಮಾತು ಸಿಕ್ಕಿಕೊಂಡಾಗ ಮನೆಯವರ ಆತುರ

ಪಕ್ಕದ ಮನೆಯ ಹುಡುಗನಿಗೆ ಮೂರೂವರೆ ವರ್ಷ. ಎರಡು ತಿಂಗಳ ಹಿಂದಿನವರೆಗೂ ಅರಳು ಹುರಿದಂತೆ ಮಾತಾಡುತ್ತಿದ್ದ. ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಓಡಿಬಂದವನು, “ಅಜ್ಜೀ, ಮ-ಮ-ಮ-ಮ...” ಎಂದು ನಿಂತುಬಿಟ್ಟ. ತುಟಿ ಬಿಗಿಯಿತು, ಕಣ್ಣು ಪಟಪಟ ಮಿಟುಕಿತು. “ನಿಧಾನ ಕಣೋ, ಉಸಿರು ತಗೊಂಡು ಮೊದಲಿಂದ ಹೇಳು” ಎಂದರು ಅಪ್ಪ. “ಮಜ್ಜಿಗೆ ಬೇಕಾ ಪುಟ್ಟಾ?” ಎಂದರು ಅಜ್ಜಿ. ಹುಡುಗ ತಲೆಯಾಡಿಸಿ ಹಿತ್ತಲಿಗೆ ಹೊರಟುಹೋದ. ನಾಯಿಮರಿ ಕಣ್ಣು ಬಿಟ್ಟಿದೆ ಎಂಬ ಸುದ್ದಿ ತಂದಿದ್ದ ಅವನು.

ಇಬ್ಬರೂ ಪ್ರೀತಿಯಿಂದಲೇ ಆಡಿದ ಮಾತು. ಆದರೆ ‘ಮೊದಲಿಂದ ಹೇಳು’ ಎಂದಾಗ ಮಗುವಿಗೆ ಕೇಳಿಸುವುದು ‘ನೀನು ಹೇಳಿದ ರೀತಿ ಸರಿಯಿಲ್ಲ’ ಎಂದು. ಪದವನ್ನು ನಾವೇ ತುಂಬಿದರೆ, ತನ್ನ ಮಾತಿಗೆ ಇಲ್ಲಿ ಸಮಯವಿಲ್ಲ ಎಂದು. ದಿನಕ್ಕೆ ಹತ್ತು ಸಲ ಹೀಗಾದರೆ ಕೆಲವು ಮಕ್ಕಳು ಕಷ್ಟದ ಪದವನ್ನೇ ಬಿಟ್ಟು ಬೇರೆ ಪದ ಹುಡುಕುತ್ತಾರೆ, ಅಥವಾ ಸುಮ್ಮನಾಗುತ್ತಾರೆ. ಮನೆಯವರು ಆಗ ‘ಈಗ ಕಡಿಮೆಯಾಗಿದೆ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಹೆದರಬೇಕಾದ್ದು ಆ ಮೌನಕ್ಕೆ.

ತೊದಲು ಬೇರೆ, ಉಗ್ಗು ಬೇರೆ. ಎರಡು-ಮೂರು ವರ್ಷದ ಮಗು “ನಂಗೆ, ನಂಗೆ, ನಂಗೆ ಅದು ಬೇಕು” ಎಂದು ಇಡೀ ಪದವನ್ನು ಆರಾಮವಾಗಿ ಮರಳಿ ಹೇಳಿದರೆ, ವಾಕ್ಯ ಕಟ್ಟಲು ಕಲಿಯುತ್ತಿದೆ ಎಂದಷ್ಟೇ ಅರ್ಥ. ಪದದ ಮೊದಲ ಅಕ್ಷರವೇ ಮತ್ತೆ ಮತ್ತೆ ಬರುವುದು, “ಸ್‌ಸ್‌ಸ್‌ಸಾಕು” ಎಂದು ಧ್ವನಿ ಎಳೆಯುವುದು, ಬಾಯಿ ತೆರೆದಿದ್ದರೂ ಸದ್ದೇ ಹೊರಡದಿರುವುದು ಉಗ್ಗಿನ ಗುರುತು. ಮುಖ ಬಿಗಿಯುವುದು, ಕಾಲು ನೆಲಕ್ಕೆ ಕುಟ್ಟುವುದು ಸೇರಿಕೊಂಡರೆ ಮಗು ಮಾತಿನೊಂದಿಗೆ ಸೆಣಸುತ್ತಿದೆ.

ನೂರು ಮಕ್ಕಳಲ್ಲಿ ಸುಮಾರು 5 ಮಕ್ಕಳು, ಹೆಚ್ಚಾಗಿ 2ರಿಂದ 5 ವರ್ಷದೊಳಗೆ, ಈ ಘಟ್ಟ ಹಾಯುತ್ತಾರೆ. ಅವರಲ್ಲಿ ಬಹುಪಾಲು ಮಕ್ಕಳಿಗೆ ತಾನಾಗಿಯೇ ಸರಿಹೋಗುತ್ತದೆ. ಬೆದರಿದ್ದರಿಂದಲೋ, ಇನ್ನೊಬ್ಬರನ್ನು ಅಣಕಿಸಿದ್ದರಿಂದಲೋ ಇದು ಬರುವುದಿಲ್ಲ. ತಾಯಿ-ತಂದೆಯ ತಪ್ಪೂ ಅಲ್ಲ. ಮಾತಿನ ಚಲನೆಗಳನ್ನು ಮಿದುಳು ಹೊಂದಿಸುವ ಬಗೆಯಲ್ಲಿನ ವ್ಯತ್ಯಾಸ ಇದು, ಅನೇಕರಲ್ಲಿ ವಂಶದಿಂದ ಬಂದದ್ದು. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚುವುದು, ನಾಲಿಗೆಯಡಿಯ ಪೊರೆ ಕೊಯ್ಸುವುದು ಯಾವುದೂ ಇದಕ್ಕೆ ಮದ್ದಲ್ಲ.

ಹಾಗಾದರೆ ಅಡುಗೆಮನೆಯ ಬಾಗಿಲಲ್ಲಿ ಏನು ಮಾಡಬೇಕಿತ್ತು? ಸೌಟು ಕೆಳಗಿಟ್ಟು, ಮಗುವಿನ ಎತ್ತರಕ್ಕೆ ಕುಳಿತು, ಅದು ಮಾತು ಮುಗಿಸುವವರೆಗೆ ಮುಖದಲ್ಲಿ ಗಾಬರಿ ತೋರದೆ ಕೇಳಬೇಕಿತ್ತು. ಮುಗಿದ ಮೇಲೆ ಒಂದು ಕ್ಷಣ ಬಿಟ್ಟು, ಮಾತಿನ ವಿಷಯಕ್ಕೆ ಉತ್ತರ: “ಓ, ಮರಿ ಕಣ್ಣು ಬಿಡ್ತಾ? ಯಾವ ಕಣ್ಣು ಮೊದಲು ಬಿಟ್ಟಿತೋ ಏನೋ!” ನಿಧಾನವಾಗಬೇಕಾದ್ದು ನಮ್ಮ ಮಾತು, ಮಗುವಿನದ್ದಲ್ಲ. ಮೇಲಿಂದ ಮೇಲೆ ಪ್ರಶ್ನೆ ಕೇಳುವ ಬದಲು ಒಂದನ್ನು ಕೇಳಿ ಕಾಯಬೇಕು. ದಿನಕ್ಕೆ ಐದೇ ನಿಮಿಷ, ಮೊಬೈಲು ದೂರವಿಟ್ಟು, ಅದರ ಆಟಕ್ಕೆ ಅದು ಹೇಳಿದಂತೆ ಜೊತೆಯಾಗಬೇಕು. ನೆಂಟರೆದುರು “ಪದ್ಯ ಹೇಳು” ಎಂದು ನಿಲ್ಲಿಸಬಾರದು. ಮನೆಯಲ್ಲಿ ಅಣ್ಣ-ಅಕ್ಕ ಇದ್ದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ನುಗ್ಗಬಾರದೆಂಬ ನಿಯಮ ಎಲ್ಲರಿಗೂ ಇರಲಿ. ಮಗುವೇ “ಮಾತು ಬರ್ತಿಲ್ಲ” ಎಂದು ಅತ್ತರೆ, ಏನೂ ಆಗಿಲ್ಲವೆಂದು ತೇಲಿಸಬೇಡಿ: “ಹೌದು ಕಂದಾ, ಆ ಮಾತು ಸ್ವಲ್ಪ ಸಿಕ್ಕಿಕೊಂಡಿತು. ನಾನು ಇಲ್ಲೇ ಕೇಳ್ತಾ ಇದ್ದೀನಿ” ಎನ್ನಿ.

ಇಷ್ಟು ಮಾಡಿದರೆ ಉಗ್ಗು ನಿಂತೇಬಿಡುತ್ತದೆ ಎನ್ನಲಾಗದು. ಮಾತಾಡುವ ಆಸೆ ಉಳಿಯಲು ಮಾತ್ರ ಇದು ಬೇಕೇಬೇಕು. ಉಗ್ಗು ಅಲೆಯಂತೆ ಬರುತ್ತದೆ. ಎರಡು ವಾರ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ಅದಕ್ಕೇ ನೆನಪನ್ನು ನಂಬದೆ, ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಅಂಕ ಬರೆಯಿರಿ: ಸರಾಗವಾಗಿದ್ದರೆ ಸೊನ್ನೆ, ತೀರಾ ಕಷ್ಟವಾದ ದಿನಕ್ಕೆ ಹತ್ತು. ಶುರುವಾದ ತಿಂಗಳನ್ನೂ ಗುರುತು ಹಾಕಿ.

ಆರು ತಿಂಗಳು ದಾಟಿದರೆ ವಾಕ್ ಚಿಕಿತ್ಸಕರ ಬಳಿ ಹೋಗಲೇಬೇಕು. ಮುಖ ಬಿಗಿಯುವುದು, ಮಾತು ತಪ್ಪಿಸುವುದು ಕಂಡರೆ, ಮನೆತನದಲ್ಲಿ ದೊಡ್ಡವರಾದ ಮೇಲೂ ಉಗ್ಗು ಉಳಿದವರಿದ್ದರೆ ಆರು ತಿಂಗಳೂ ಕಾಯಬೇಡಿ. ಗಂಡು ಮಕ್ಕಳಲ್ಲಿ ಇದು ಉಳಿಯುವ ಸಂಭವ ಹೆಚ್ಚು. ‘ಶಾಲೆಗೆ ಸೇರಿದ ಮೇಲೆ ನೋಡೋಣ’ ಎನ್ನುತ್ತಿದ್ದರೆ ಕಾಲ ಕೈತಪ್ಪುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ತಪಾಸಣೆಯೂ ಚಿಕಿತ್ಸೆಯೂ ಇವೆ. ಅಪರಿಚಿತ ಕೋಣೆಯಲ್ಲಿ ಮಗು ಸರಾಗವಾಗಿ ಮಾತಾಡಿಬಿಡುವುದುಂಟು. ಹೋಗುವಾಗ ಆ ಕ್ಯಾಲೆಂಡರಿನ ಜೊತೆಗೆ, ಮನೆಯಲ್ಲಿ ಆಡುವಾಗ ಮೊಬೈಲಿನಲ್ಲಿ ತೆಗೆದ ಎರಡು ನಿಮಿಷದ ವಿಡಿಯೊ ಒಯ್ಯಿರಿ.