ಬತ್ತಿ ಇಡುವ ಬತ್ತಿಗಳು

ಹೋದ ತಿಂಗಳು ಒಂದು ರಾತ್ರಿ ಎರಡೂವರೆಗೆ ನನ್ನ ಫೋನು ಒಂದು ಸಲ ಟಿಂಗ್ ಅಂದು ಸುಮ್ಮನಾಗಿತ್ತಂತೆ. ನಾನು ಗಾಢ ನಿದ್ದೆಯಲ್ಲಿದ್ದೆ. ಬೆಳಿಗ್ಗೆ ಕಾಫಿ ಕುಡೀತಾ ನೋಡಿದ್ರೆ, ನನ್ನ ಹತ್ರ ಇದ್ದ ಆಲ್ಟ್‌ಕಾಯಿನ್ ಅಷ್ಟೂ ಮಾರಾಟ ಆಗಿಹೋಗಿತ್ತು. ಸ್ಟಾಪ್ ಲಾಸ್ ಹೊಡೆದಿತ್ತು. ಸರಿ, ಬೆಲೆ ಬಿದ್ದಿರಬೇಕು, ಬಚಾವಾದೆ ಅಂದ್ಕೊಂಡು ಚಾರ್ಟ್ ತೆಗೆದೆ. ಬೆಲೆ ಎಲ್ಲಿ ಬಿದ್ದಿದೆ? ರಾತ್ರಿ ಮಲಗುವಾಗ ಇದ್ದ ಜಾಗದಲ್ಲೇ ಇತ್ತು! ಎರಡೂವರೆ ಹೊತ್ತಿಗೆ ಮಾತ್ರ ಒಂದು ಸಣ್ಣ ಗೆರೆ ಕೆಳಗೆ ಇಳಿದು, ನನ್ನ ಆರ್ಡರನ್ನು ಮುಟ್ಟಿ, ಅದೇ ಗಂಟೆಯಲ್ಲಿ ವಾಪಸ್ ಮೇಲೆ ಹೋಗಿತ್ತು. ಎರಡು ದಿನ ಬಿಟ್ಟು ಆ ಕಾಯಿನ್ ನಾನು ಅಂದುಕೊಂಡಿದ್ದ ಬೆಲೆಗೇ ಹೋಯ್ತು. ನಾನಿಲ್ಲದೆ :(

ಆ ಸಣ್ಣ ಗೆರೆಗೆ ವಿಕ್ ಅಂತಾರೆ. ಕ್ಯಾಂಡಲ್ ಚಾರ್ಟಿನಲ್ಲಿ ದಪ್ಪಗಿರೋದು ಮೇಣ, ತೆಳ್ಳಗೆ ಚಾಚಿಕೊಂಡಿರೋದು ಬತ್ತಿ. ಕನ್ನಡದಲ್ಲಿ ‘ಬತ್ತಿ ಇಡೋದು’ ಅಂದ್ರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಈ ಹೆಸರು ಇಟ್ಟವರಿಗೆ ಕನ್ನಡ ಬರ್ತಿತ್ತೋ ಏನೋ ಅನ್ನಿಸ್ತದೆ!

ಇಂಥದ್ದು ಆದ ಕೂಡ್ಲೆ ಎಲ್ಲರೂ ಹೇಳೋ ಮಾತು ಒಂದೇ: “ದೊಡ್ಡ ಕುಳಗಳು ನಮ್ಮ ಸ್ಟಾಪ್ ಬೇಟೆ ಆಡ್ತಾರೆ.” ಆಡಬಹುದು, ಇಲ್ಲ ಅನ್ನಲ್ಲ. ಆದ್ರೆ ನನಗೆ ಬತ್ತಿ ಇಟ್ಟಿದ್ದು ನಾನೇ ಅನ್ನೋದು ಈಗಿನ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ತೆಳು ಮಾರುಕಟ್ಟೆ ಅಂದ್ರೆ ಏನು? ಸಂತೆ ಮುಗಿಯೋ ಹೊತ್ತು ಅಂದುಕೊಳ್ಳಿ. ಕೊಳ್ಳೋರು ನಾಲ್ಕೇ ಜನ ಉಳಿದಿದ್ದಾರೆ. ಆಗ ಒಬ್ಬ ಹತ್ತು ಬುಟ್ಟಿ ಟೊಮೆಟೊ ತಂದು “ಏನಾದ್ರೂ ಕೊಡಿ, ಈಗಲೇ ಮಾರಬೇಕು” ಅಂದ್ರೆ ಮೊದಲ ಬುಟ್ಟಿಗೆ ಸಿಕ್ಕ ಬೆಲೆ ಹತ್ತನೇ ಬುಟ್ಟಿಗೆ ಸಿಗಲ್ಲ. ಆರ್ಡರ್ ಬುಕ್ಕಿನಲ್ಲೂ ಅಷ್ಟೇ. ಕೊಳ್ಳೋರ ಸಾಲು ತೆಳ್ಳಗಿದ್ರೆ ಒಬ್ಬನೇ ಮಾರಾಟಗಾರ ನಾಲ್ಕು ಮೆಟ್ಟಿಲು ಇಳಿಸಿಬಿಡ್ತಾನೆ. ಇಳಿಯುವ ದಾರಿಯಲ್ಲಿ ನನ್ನಂಥವರ ಸ್ಟಾಪ್‌ಗಳು ಕೂತಿರ್ತವೆ. ಸ್ಟಾಪ್ ಹೊಡೆದರೆ ಅದೂ ಒಂದು ಮಾರಾಟದ ಆರ್ಡರ್ ತಾನೇ? ಒಂದು ಹೊಡೆದು ಬೆಲೆ ಇಳಿದು ಮುಂದಿನದನ್ನು ಹೊಡೀತದೆ. ಸ್ಟಾಪ್‌ಗಳು ಖಾಲಿಯಾದ ಮೇಲೆ ಮಾರೋಕೆ ಯಾರೂ ಇರಲ್ಲ. ಅಗ್ಗಕ್ಕೆ ಸಿಕ್ತು ಅಂತ ಕೊಳ್ಳೋರು ಬರ್ತಾರೆ, ಬೆಲೆ ವಾಪಸ್ ಹೋಗ್ತದೆ. ಖಳನಾಯಕ ಇಲ್ಲದೆಯೂ ಈ ನಾಟಕ ನಡೀತದೆ.

ಎಲ್ಲರ ಸ್ಟಾಪೂ ಒಂದೇ ಕಡೆ ಯಾಕೆ ಇರ್ತದೆ? ಎಲ್ಲರೂ ಅದೇ ಚಾರ್ಟ್ ನೋಡ್ತಾರೆ, ಅದಕ್ಕೆ. ಹಿಂದೆ ಬೆಲೆ ಎಲ್ಲಿಂದ ಮೇಲೆದ್ದಿತ್ತೋ ಅದರ ಒಂದು ಚೂರು ಕೆಳಗೆ, ಇಲ್ಲಾ 1, 0.50 ಥರದ ದುಂಡು ಅಂಕಿಯ ಒಂದು ಚೂರು ಕೆಳಗೆ. ನನ್ನದು ಎರಡೂ ಆಗಿತ್ತು.

ಲೆಕ್ಕ ಕೊಡ್ತೀನಿ. ಕಾಯಿನ್ ಹೆಸರು ಬೇಡ. 1.08 ಡಾಲರಿಗೆ 500 ಕಾಯಿನ್ ಕೊಂಡಿದ್ದೆ. 1.00 ಡಾಲರಿನ ಹತ್ತಿರ ಬೆಲೆ ಪದೇ ಪದೇ ಮೇಲೆದ್ದಿತ್ತು. ಸ್ಟಾಪ್ 0.99ಕ್ಕೆ ಇಟ್ಟೆ. ತಪ್ಪಿದರೆ 45 ಡಾಲರ್ ನಷ್ಟ, ಅಷ್ಟು ತಡ್ಕೋಬಹುದು ಅಂತ. ಗುರಿ 1.24. ಆ ರಾತ್ರಿ ಬೆಲೆ 0.962ರ ತನಕ ಹೋಗಿ, ಆ ಗಂಟೆಯ ಕ್ಯಾಂಡಲ್ 1.03ರಲ್ಲಿ ಮುಗೀತು. ನನ್ನ ಕಾಯಿನ್‌ಗಳು 0.99ಕ್ಕೂ ಹೋಗಲಿಲ್ಲ, ಸರಾಸರಿ 0.974ಕ್ಕೆ ಹೋದವು. ಅಂದ್ರೆ 1.6 ಸೆಂಟ್ ಜಾರಿದೆ. ನಷ್ಟ 45 ಅಲ್ಲ, 53 ಡಾಲರ್.

ಆಮೇಲೆ ಕೂತು ಹಿಂದಿನ ಮೂವತ್ತು ದಿನದ ಒಂದು ಗಂಟೆಯ ಕ್ಯಾಂಡಲ್‌ಗಳನ್ನು ನೋಡಿದೆ. ಆ ರಾತ್ರಿಗಿಂತ ಮುಂಚೆಯೇ ನಾಲ್ಕು ಸಲ ವಿಕ್ 1.00ರ ಕೆಳಗೆ ಹೋಗಿ ಬಂದಿತ್ತು: 0.985, 0.979, 0.971, 0.966. ನಾನು ಕೊಳ್ಳುವಾಗ ನೋಡಿದ್ದು ಲೈನ್ ಚಾರ್ಟ್. ಅದರಲ್ಲಿ ಕ್ಯಾಂಡಲ್ ಮುಗಿದ ಬೆಲೆ ಮಾತ್ರ ಇರ್ತದೆ, ಬತ್ತಿ ಕಾಣೋದೇ ಇಲ್ಲ! ತಿಂಗಳಿಗೆ ನಾಲ್ಕು ಸಲ ನೀರು ಬರೋ ಜಾಗದಲ್ಲಿ ಚಾಪೆ ಹಾಸಿ ಮಲಗಿ, ಐದನೇ ಸಲ ನೀರು ಬಂದಾಗ ಮೋಸ ಅಂತ ಕೂಗಿದ ಹಾಗಾಯ್ತು ನನ್ನ ಕಥೆ.

ಈಗ ನಾನು ಮಾಡೋದು ಇಷ್ಟು. ಮೊದಲು ಅತಿ ಆಳದ ವಿಕ್ ಎಲ್ಲಿ ಅಂತ ನೋಡ್ತೀನಿ. ಇಲ್ಲಿ 0.966, ಅಂದ್ರೆ 1.00ರಿಂದ 3.4 ಸೆಂಟ್ ಕೆಳಗೆ. ಮುಂದಿನದು ಇನ್ನೂ ಸ್ವಲ್ಪ ಆಳ ಹೋಗಬಹುದು ಅಂತ ಆ ಆಳದ ಅರ್ಧದಷ್ಟು ಜಾಗ ಸೇರಿಸಿದರೆ ಸುಮಾರು 0.95 ಬರ್ತದೆ. ಅದು ಮತ್ತೆ ದುಂಡು ಅಂಕಿ, ಅಲ್ಲೂ ಜನ ಕೂತಿರ್ತಾರೆ. ಅದನ್ನೂ ದಾಟಿ 0.947. ಆ ರಾತ್ರಿಯ 0.962 ಇದನ್ನು ಮುಟ್ಟುತ್ತಿರಲಿಲ್ಲ. ಅರ್ಧ ಅನ್ನೋದು ನನ್ನ ರೂಢಿ ಅಷ್ಟೇ, ಶಾಸ್ತ್ರ ಏನಲ್ಲ.

ಇಲ್ಲಿಗೆ ನಿಲ್ಲಿಸಿದರೆ ಮಾತ್ರ ದೊಡ್ಡ ಅಪಾಯ. ಸ್ಟಾಪ್ ದೂರ ಇಟ್ಟು ಅದೇ 500 ಕಾಯಿನ್ ಇಟ್ಟುಕೊಂಡರೆ, ಹೊಡೆದ ದಿನ ನಷ್ಟ 45ರ ಬದಲು 70 ಡಾಲರ್ ದಾಟ್ತದೆ. ಅದು ಜಾಣತನ ಅಲ್ಲ. ಸ್ಟಾಪ್ ಎಲ್ಲಿರಬೇಕು ಅನ್ನೋದನ್ನು ಮಾರುಕಟ್ಟೆ ಹೇಳಬೇಕು, ಎಷ್ಟು ಕೊಳ್ಳಬೇಕು ಅನ್ನೋದನ್ನು ನನ್ನ ಜೇಬು ಹೇಳಬೇಕು. 1.08ರಿಂದ 0.947ಕ್ಕೆ 13.3 ಸೆಂಟ್, ಜಾರಾಟಕ್ಕೆ ಇನ್ನೊಂದು 1.6 ಸೆಂಟ್, ಒಟ್ಟು 14.9 ಸೆಂಟ್. 45 ಡಾಲರನ್ನು ಇದರಿಂದ ಭಾಗಿಸಿದರೆ ಹೆಚ್ಚು ಕಡಿಮೆ 300 ಕಾಯಿನ್. ಅಷ್ಟೇ ಕೊಳ್ಳಬೇಕಿತ್ತು.

ಇದಕ್ಕೆ ಬೆಲೆ ತೆರಬೇಕು, ಅದನ್ನು ಯಾರೂ ಹೇಳಲ್ಲ. 1.24 ಮುಟ್ಟಿದಾಗ 500 ಕಾಯಿನ್‌ಗೆ 80 ಡಾಲರ್ ಲಾಭ, 300ಕ್ಕೆ ಬರೇ 48. ಅಂದ್ರೆ 45 ಕಳ್ಕೊಳ್ಳೋ ಅಪಾಯಕ್ಕೆ 48ರ ಆಸೆ. ಈ ಲೆಕ್ಕ ನೋಡಿದ್ರೆ ಆ ಕಾಯಿನ್ನನ್ನು 1.08ಕ್ಕೆ ಕೊಳ್ಳಲೇಬಾರದಿತ್ತು! ಹತ್ತಿರದ ಸ್ಟಾಪ್ ಒಂದು ಕೆಟ್ಟ ವ್ಯಾಪಾರವನ್ನು ಒಳ್ಳೇದು ಅಂತ ತೋರಿಸಿತ್ತು ಅಷ್ಟೇ. ಈಗ ಇಂಥ ಕಡೆ ನಾನು 1.02ಕ್ಕೆ ಕೊಳ್ಳುವ ಆರ್ಡರ್ ಹಾಕಿ ಕಾಯ್ತೀನಿ. ಅಲ್ಲಿಂದ 0.947ಕ್ಕೆ ಜಾರಾಟ ಸೇರಿ 8.9 ಸೆಂಟ್. ಅದೇ 45 ಡಾಲರ್ ಅಪಾಯಕ್ಕೆ 500 ಕಾಯಿನ್ ಬರ್ತದೆ, ಗುರಿ ಮುಟ್ಟಿದ್ರೆ 110 ಡಾಲರ್. ಬೆಲೆ ಅಷ್ಟು ಕೆಳಗೆ ಬರದೇ ಹೋದ್ರೆ? ಹೋಗಲಿ ಬಿಡಿ. ಕಳ್ಕೊಂಡಿದ್ದೇನೂ ಇಲ್ಲ.

ನಮ್ಮ ದೇಶದಲ್ಲಿ ಕೂತು ಇದನ್ನು ಮಾಡುವವರಿಗೆ ಇನ್ನೊಂದು ಕಾರಣ ಇದೆ. 2022ರಿಂದ ಕ್ರಿಪ್ಟೋ ಲಾಭಕ್ಕೆ 30% ತೆರಿಗೆ, ಮತ್ತು ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ. ನಾನು ಅಲುಗಾಡಿ ಹೊರಬಿದ್ದು, ಮತ್ತೆ 1.03ಕ್ಕೆ 500 ಕಾಯಿನ್ ಕೊಂಡು 1.24ಕ್ಕೆ ಮಾರಿದ್ದೆ ಅಂತಿಟ್ಕೊಳ್ಳಿ. ಲಾಭ 105, ಅದಕ್ಕೆ ತೆರಿಗೆ 31.50. ಮೊದಲಿನ 53ರ ನಷ್ಟ ಲೆಕ್ಕಕ್ಕೇ ಇಲ್ಲ. ಕೊನೆಗೆ ಕೈಯಲ್ಲಿ ಉಳಿಯೋದು ಸುಮಾರು 20 ಡಾಲರ್. ಅಲುಗಾಡದೆ ಕೂತಿದ್ರೆ 80ರಲ್ಲಿ 24 ತೆರಿಗೆ ಹೋಗಿ 56 ಉಳೀತಿತ್ತು. (ಸೆಸ್, ಎಕ್ಸ್‌ಚೇಂಜಿನ ಕಮಿಷನ್ ಬಿಟ್ಟು ಹೇಳ್ತಿದ್ದೀನಿ.) ಸಾಲದ್ದಕ್ಕೆ ಪ್ರತಿ ಸಲ ಮಾರಿದಾಗಲೂ ಮೊತ್ತದ ಮೇಲೆ 1% ಟಿಡಿಎಸ್. ಸುಮ್ಮನೆ ಹೊರಬೀಳೋದು ನಮಗೆ ತುಂಬಾ ದುಬಾರಿ.

ಎರಡು ಎಚ್ಚರಿಕೆ. ಒಂದು, ನೀವು ವ್ಯಾಪಾರ ಮಾಡುವ ಎಕ್ಸ್‌ಚೇಂಜಿನ ಚಾರ್ಟನ್ನೇ ನೋಡಿ. ಅದೇ ಕಾಯಿನ್ನಿಗೆ ಒಂದು ಕಡೆ 2% ವಿಕ್, ಇನ್ನೊಂದು ಕಡೆ 6% ವಿಕ್ ಇರ್ತದೆ. ರೂಪಾಯಿ ಜೋಡಿಗಳು ಸಾಮಾನ್ಯವಾಗಿ ಇನ್ನೂ ತೆಳು. ಕಾಯಿನ್‌ಗೆಕೋ ಸೈಟಿನಲ್ಲಿ ಕಾಯಿನ್ನಿನ ಪುಟಕ್ಕೆ ಹೋದ್ರೆ ಪ್ರತಿ ಎಕ್ಸ್‌ಚೇಂಜಿನ ಎದುರು -2% Depth ಅಂತ ಒಂದು ಅಂಕಣ ಇದೆ. ಬೆಲೆಯನ್ನು 2% ಇಳಿಸೋಕೆ ಎಷ್ಟು ಡಾಲರ್ ಮಾಲು ಮಾರಬೇಕು ಅನ್ನೋದು ಅದು. ಅಲ್ಲಿ ಬರೇ ನಾಲ್ಕೈದು ಸಾವಿರ ಡಾಲರ್ ಇದ್ರೆ ಒಬ್ಬ ಸಾಧಾರಣ ಮನುಷ್ಯನೇ ನಿಮ್ಮ ಸ್ಟಾಪ್ ಹೊಡೀಬಲ್ಲ. ಅಂಥ ಕಡೆ ಯಾವ ದೂರವೂ ಸಾಲಲ್ಲ, ಆ ಕಾಯಿನ್ ಬಿಡೋದೇ ವಾಸಿ.

ಎರಡು, ಸ್ಟಾಪ್ ಅನ್ನೋದು ಬೆಲೆಯ ಗ್ಯಾರಂಟಿ ಅಲ್ಲ. ಸ್ಟಾಪ್ ಲಿಮಿಟ್ ಹಾಕಿದಾಗ, ಬೆಲೆ ನಿಮ್ಮ ಲಿಮಿಟನ್ನೂ ಹಾರಿ ಕೆಳಗೆ ಹೋದ್ರೆ ಕಾಯಿನ್ ಮಾರಾಟವೇ ಆಗಲ್ಲ, ನಿಮ್ಮ ತಲೆ ಮೇಲೇ ಉಳೀತದೆ. ಅದಕ್ಕೇ ಎರಡರ ನಡುವೆ ಮೂರು ಪರ್ಸೆಂಟಾದರೂ ಜಾಗ ಬಿಡ್ತೀನಿ. ಸ್ಟಾಪ್ ಮಾರ್ಕೆಟ್ ಹಾಕಿದ್ರೆ ಮಾರಾಟ ಆಗ್ತದೆ, ಯಾವ ಬೆಲೆಗೆ ಅಂತ ಕೇಳಬೇಡಿ. 2025ರ ಅಕ್ಟೋಬರ್ 10ರಂದು, ನಮ್ಮ ಗಡಿಯಾರದಲ್ಲಿ 11ರ ಬೆಳಗಿನ ಜಾವ, ಟ್ರಂಪ್ ಚೀನಾ ಮೇಲೆ ಹೊಸ ಸುಂಕ ಅಂದ ಮೇಲೆ ಅನೇಕ ಆಲ್ಟ್‌ಕಾಯಿನ್‌ಗಳು ಕೆಲವೇ ನಿಮಿಷದಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದು ಬಹುಪಾಲು ವಾಪಸ್ ಬಂದವು. ಒಂದೇ ದಿನದಲ್ಲಿ 1,900 ಕೋಟಿ ಡಾಲರಿಗೂ ಹೆಚ್ಚಿನ ಸಾಲದ ವ್ಯಾಪಾರಗಳು ಬಲವಂತವಾಗಿ ಮುಚ್ಚಿಹೋದವು. ಅಂಥ ವಿಕ್ಕಿನ ಆಚೆ ಸ್ಟಾಪ್ ಇಡೋಕೆ ಆಗಲ್ಲ, ಇಡಲೂ ಬಾರದು. ಅಲ್ಲಿ ಕಾಯೋದು ಒಂದೇ, ಕಡಿಮೆ ಕೊಂಡಿರೋದು.

ಹಾಗಂತ “ಸ್ಟಾಪೇ ಬೇಡ, ಹೇಗೂ ವಾಪಸ್ ಬರ್ತದೆ” ಅನ್ನುವವರಿಗೆ ನಾನು 2022ರ ಮೇ ತಿಂಗಳ ಲೂನಾ ನೆನಪಿಸ್ತೀನಿ. 80 ಡಾಲರಿನ ಆಸುಪಾಸು ಇದ್ದದ್ದು ಸುಮಾರು ಒಂದು ವಾರದಲ್ಲಿ ಒಂದು ಸೆಂಟಿಗಿಂತ ಕೆಳಗೆ ಹೋಯ್ತು. ಅದು ಬತ್ತಿ ಅಲ್ಲ, ಮನೆಗೇ ಬೆಂಕಿ. ದೂರದ ಸ್ಟಾಪ್ ಇದ್ದವನು ಪೆಟ್ಟು ತಿಂದು ಹೊರಗೆ ಬಂದ, ಇಲ್ಲದವನು ಒಳಗೇ ಉಳಿದ. ಇನ್ನು ಕೊಂಡ ಮೇಲೆ, ಬೆಲೆ ಹತ್ತಿರ ಬಂತು ಅಂತ ಸ್ಟಾಪನ್ನು ಇನ್ನೂ ಕೆಳಗೆ ತಳ್ಳೋದು ಕೂಡ ಸ್ಟಾಪ್ ಇಲ್ಲದ ಹಾಗೇ. ದೂರ ಇಡೋದು ಕೊಳ್ಳುವ ಮುಂಚೆ ಮಾಡುವ ತೀರ್ಮಾನ.

ಮೊನ್ನೆ ಇದನ್ನೆಲ್ಲ ನನ್ನ ಭಾವನಿಗೆ ವಿವರಿಸಿದೆ. ಪೂರ್ತಿ ಕೇಳಿ, “ಅಲ್ಲಯ್ಯಾ, ಕಡಿಮೆ ಕೊಂಡು ನಿದ್ದೆ ಮಾಡು ಅನ್ನೋಕೆ ಇಷ್ಟು ಲೆಕ್ಕ ಬೇಕಾ?” ಅಂದ್ರು. ಬೇಕಾಯ್ತು ನೋಡಿ, ನನಗೆ 53 ಡಾಲರ್ ಕೊಟ್ಟ ಮೇಲೇ ಅರ್ಥ ಆಗಿದ್ದು :)

ನಿಮ್ಮಲ್ಲಿ ಯಾರಾದರೂ ಹೀಗೆ ಬತ್ತಿ ಇಡಿಸಿಕೊಂಡವರು ಇದ್ರೆ, ಸ್ಟಾಪ್ ಎಲ್ಲಿಟ್ಟಿದ್ರಿ, ವಿಕ್ ಎಲ್ಲಿತನಕ ಹೋಯ್ತು ಅಂತ ಬರೀರಿ. ದೂರ ಇಟ್ಟೂ ಹೊಡೆಸಿಕೊಂಡವರ ಕಥೆ ಇದ್ರೆ ಇನ್ನೂ ಒಳ್ಳೇದು.